ಶೇ 100 ಸರಿಯಾದ ಉತ್ತರ ಕೇಳಿದ ಸಹಕಾರ ಸಂಘಕ್ಕೆ ನಾನು ಬರೆದ ಪತ್ರ

"ಚಾಟ್‌ಬಾಟ್ ನೀಡುವ ಎಲ್ಲಾ ಉತ್ತರಗಳು ಶೇ 100ರಷ್ಟು ನಿಖರವಾಗಿರತಕ್ಕದ್ದು. ತಪ್ಪು ಉತ್ತರದಿಂದ ಸಂಘಕ್ಕಾಗಲಿ ಸದಸ್ಯರಿಗಾಗಲಿ ಆಗುವ ನಷ್ಟವನ್ನು ಡೆವಲಪರ್ ಭರಿಸತಕ್ಕದ್ದು."

ಕರಾರಿನ ಎರಡನೇ ಕರಡಿನಲ್ಲಿ ಹೊಸದಾಗಿ ಸೇರಿದ್ದ ಸಾಲುಗಳಿವು. ಮೊದಲ ಕರಡಿನಲ್ಲಿ ಇರಲಿಲ್ಲ. ನಡುವೆ ಒಂದು ಘಟನೆ ನಡೆದಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಗಿರಾಕಿ ಒಂದು ತಾಲ್ಲೂಕು ಕೇಂದ್ರದ ಪತ್ತಿನ ಸಹಕಾರ ಸಂಘ. ಎರಡು ಶಾಖೆ, ಕೌಂಟರ್‌ನಲ್ಲಿ ನಾಲ್ಕು ಜನ. ಬೆಳಗ್ಗೆ ಹತ್ತರಿಂದ ಫೋನ್ ಬಡಿದುಕೊಳ್ಳುತ್ತಲೇ ಇರುತ್ತದೆ. ಠೇವಣಿಗೆ ಬಡ್ಡಿ ಎಷ್ಟು, ಚಿನ್ನಕ್ಕೆ ಗ್ರಾಂಗೆ ಎಷ್ಟು ಕೊಡ್ತೀರಿ, ಜಾಮೀನಿಗೆ ಎಷ್ಟು ಜನ ಬೇಕು, ನಾಳೆ ಶನಿವಾರ ಬಾಗಿಲು ತೆಗೆದಿರುತ್ತಾ. ಇಷ್ಟಕ್ಕೆ ಉತ್ತರ ಹೇಳಿ ಹೇಳಿ ಸಿಬ್ಬಂದಿಗೆ ಸಾಕಾಗಿತ್ತು. ವಾಟ್ಸ್ಆ್ಯಪ್‌ನಲ್ಲಿ ಕನ್ನಡದಲ್ಲೇ ಉತ್ತರಿಸುವ ಬಾಟ್ ಬೇಕು ಅಂದರು. ನಾನು ಒಪ್ಪಿಕೊಂಡೆ. ಸಂಘದ ಬೈಲಾ, ಸುತ್ತೋಲೆ, ಬಡ್ಡಿ ದರದ ಪಟ್ಟಿ ಎಲ್ಲವನ್ನೂ ತೆಗೆದುಕೊಂಡು ತುಂಡು ಮಾಡಿ ಹುಡುಕುವ ವ್ಯವಸ್ಥೆಗೆ ತುಂಬಿಸಿದೆ. ಸದಸ್ಯರು ಏನಾದರೂ ಕೇಳಿದರೆ ಅದಕ್ಕೆ ಹತ್ತಿರವಾದ ತುಂಡುಗಳನ್ನು ಹುಡುಕಿ ತಂದು, ಭಾಷಾ ಮಾದರಿಯ ಮುಂದಿಟ್ಟು, "ಇದನ್ನು ನೋಡಿ ಉತ್ತರ ಬರೆ" ಎನ್ನುವುದು. ಈಗ ಎಲ್ಲರೂ ಹೀಗೇ ಮಾಡುತ್ತಾರೆ.

ಪ್ರಾಯೋಗಿಕ ಓಟದ ಎರಡನೇ ವಾರ. ಒಬ್ಬ ಸದಸ್ಯರು 2 ಲಕ್ಷ ರೂಪಾಯಿಯನ್ನು ಎರಡು ವರ್ಷಕ್ಕೆ ಠೇವಣಿ ಇಟ್ಟಿದ್ದರು. ಹದಿನಾಲ್ಕು ತಿಂಗಳಾಗಿತ್ತು, ಮನೆ ಕೆಲಸಕ್ಕೆ ದುಡ್ಡು ಬೇಕಿತ್ತು. ಬಾಟ್‌ಗೆ ಹೀಗೆ ಬರೆದರು: `fd madhyadalli tegdre baddi estu siguthe`. ಅವಧಿ, ಮೊತ್ತ ಕೇಳಿದ ಮೇಲೆ ಬಾಟ್ ಉತ್ತರಿಸಿತು. ಎರಡು ವರ್ಷದ ಠೇವಣಿಗೆ ಶೇ 9, ಹದಿನಾಲ್ಕು ತಿಂಗಳಿಗೆ 21,000 ರೂಪಾಯಿ ಬಡ್ಡಿ ಸಿಗುತ್ತದೆ, ಧನ್ಯವಾದಗಳು.

ಸಂಘದ ನಿಯಮ ಬೇರೆ ಇತ್ತು. ಅವಧಿಗೆ ಮುಂಚೆ ತೆಗೆದರೆ, ಠೇವಣಿ ನಿಜವಾಗಿ ಎಷ್ಟು ಕಾಲ ಇತ್ತೋ ಆ ಅವಧಿಯ ದರ ಹಿಡಿಯಬೇಕು, ಅದರಲ್ಲಿ ಶೇ 1 ಕಡಿಮೆ ಮಾಡಬೇಕು. ಒಂದು ವರ್ಷದ ದರ ಶೇ 8. ಒಂದು ಕಳೆದರೆ ಶೇ 7. ಹದಿನಾಲ್ಕು ತಿಂಗಳಿಗೆ 16,333 ರೂಪಾಯಿ. ಬಾಟ್ 4,667 ರೂಪಾಯಿ ಜಾಸ್ತಿ ಹೇಳಿತ್ತು. ಸದಸ್ಯರು ಫೋನ್ ಹಿಡಿದುಕೊಂಡೇ ಕೌಂಟರ್‌ಗೆ ಬಂದರು. ಅವರು ನಿರ್ದೇಶಕರೊಬ್ಬರ ಭಾವಮೈದ ಬೇರೆ.

ಕಾರಣ ಹುಡುಕಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ದರದ ಪಟ್ಟಿ ಸುತ್ತೋಲೆಯ ಮೊದಲ ಪುಟದಲ್ಲಿತ್ತು. "ಅವಧಿಗೆ ಮುನ್ನ ಹಿಂಪಡೆದಲ್ಲಿ" ಎಂಬ ಸಾಲು ಎರಡನೇ ಪುಟದ ತಲೆಗೆ ಹೋಗಿತ್ತು. ಕಾಗದಗಳನ್ನು ತುಂಡು ಮಾಡುವಾಗ ಪಟ್ಟಿ ಒಂದು ತುಂಡಾಯಿತು, ಆ ಸಾಲು ಇನ್ನೊಂದು ತುಂಡಾಯಿತು. ಸದಸ್ಯರ ಪ್ರಶ್ನೆಯಲ್ಲಿ 'ಬಡ್ಡಿ' ಇತ್ತು, 'ಎಫ್‌ಡಿ' ಇತ್ತು, ಹಾಗಾಗಿ ಹುಡುಕಾಟ ಪಟ್ಟಿಯ ತುಂಡನ್ನು ತಂದಿತು. 'ಹಿಂಪಡೆದಲ್ಲಿ' ಅನ್ನುವುದಕ್ಕೂ `tegdre` ಅನ್ನುವುದಕ್ಕೂ ನಂಟಿದೆ ಎಂದು ಅದಕ್ಕೆ ಹೊಳೆಯಲಿಲ್ಲ. ಮಾದರಿಗೆ ಸಿಕ್ಕಿದ್ದು ಅರ್ಧ ಕಾಗದ. ಅರ್ಧ ಕಾಗದ ಎಂದು ಅದಕ್ಕೆ ಗೊತ್ತಿರಲಿಲ್ಲ.

ಆಡಳಿತ ಮಂಡಳಿಯ ಸಭೆಗೆ ನನ್ನನ್ನು ಕರೆಸಿದರು. ಕಾರ್ಯದರ್ಶಿ ಒಂದು ಮಾತು ಕೇಳಿದರು. "ಸಾರ್, ನಮ್ಮ ಲೆಕ್ಕದ ಸಾಫ್ಟ್‌ವೇರ್ ಹನ್ನೊಂದು ವರ್ಷದಿಂದ ಒಂದು ಪೈಸೆ ತಪ್ಪಿಲ್ಲ. ಅದೂ ಕಂಪ್ಯೂಟರೇ, ಇದೂ ಕಂಪ್ಯೂಟರೇ. ಇದು ಯಾಕೆ ತಪ್ಪಬೇಕು?" ನಾನು ಆಗ ಏನೋ ಹೇಳಿದೆ. 'ತಂತ್ರಜ್ಞಾನ ಸುಧಾರಿಸುತ್ತಿದೆ' ಎಂಬ ಥರದ ಮಾತು. ಯಾರ ಮುಖದಲ್ಲೂ ನಂಬಿಕೆ ಕಾಣಲಿಲ್ಲ. ನನಗೇ ನಾಚಿಕೆಯಾಯಿತು. ಪ್ರಶ್ನೆ ಅಷ್ಟು ಚೆನ್ನಾಗಿತ್ತು, ಉತ್ತರ ಅಷ್ಟು ಕಳಪೆಯಾಗಿತ್ತು. ನಾಲ್ಕು ದಿನ ಬಿಟ್ಟು ಕರಾರಿನ ಹೊಸ ಕರಡು ಬಂತು. ಸಹಿ ಹಾಕುವ ಬದಲು ಪತ್ರ ಬರೆಯಲು ಕೂತೆ.

ಬರೆಯುವ ಮುಂಚೆ ಮಾಡಿದ ಒಂದು ಕೆಲಸವೇ ಪತ್ರಕ್ಕೆ ಜೀವ ಕೊಟ್ಟಿತು. ಕೌಂಟರ್‌ನ ಇಬ್ಬರು ಸಿಬ್ಬಂದಿಯ ಜೊತೆ ಎರಡು ದಿನ ಕೂತು, ಜನ ನಿಜವಾಗಿ ಕೇಳುವ 300 ಪ್ರಶ್ನೆ ಬರೆಸಿಕೊಂಡೆ. ಸರಿಯಾದ ಉತ್ತರವನ್ನೂ ಅವರಿಂದಲೇ ಬರೆಸಿದೆ. ಬಾಟ್‌ಗೆ ಆ 300 ಪ್ರಶ್ನೆ ಕೊಟ್ಟಾಗ 246 ಸರಿ ಬಂದವು. 33ಕ್ಕೆ 'ಗೊತ್ತಿಲ್ಲ, ಕಚೇರಿಗೆ ಕರೆ ಮಾಡಿ' ಎಂದಿತು. 21 ತಪ್ಪು. ಆ 21ನ್ನು ಒಂದೊಂದಾಗಿ ಬಿಡಿಸಿ ನೋಡಿದೆ. 9 ತಪ್ಪುಗಳಿಗೆ ಹಳೇ ಸುತ್ತೋಲೆ ಕಾರಣ. 5 ಪ್ರಶ್ನೆಗಳಿಗೆ ಎರಡು ಅರ್ಥವಿತ್ತು. 4ರಲ್ಲಿ ಠೇವಣಿ ಪ್ರಕರಣದ ಹಾಗೇ ಕಾಗದ ಅರ್ಧ ಸಿಕ್ಕಿತ್ತು. ಉಳಿದ 3ಕ್ಕೆ ಯಾವ ಕಾಗದದಲ್ಲೂ ಆಧಾರವಿಲ್ಲ, ಮಾದರಿ ತಾನೇ ಹೊಸೆದಿತ್ತು.

ಪತ್ರದ ಮುಖ್ಯ ಭಾಗ ಇಲ್ಲಿದೆ. ಹೆಸರು, ವಿಳಾಸ ತೆಗೆದಿದ್ದೇನೆ.

ಮಾನ್ಯ ಅಧ್ಯಕ್ಷರಿಗೆ ಮತ್ತು ಕಾರ್ಯದರ್ಶಿಗಳಿಗೆ,

ನಮಸ್ಕಾರಗಳು. ಶೇ 100ರ ಅಂಶಕ್ಕೆ ನಾನು ಸಹಿ ಹಾಕಲಾರೆ. ಹಾಕಿದರೆ ನಿಮಗೆ ಸುಳ್ಳು ಹೇಳಿದಂತೆ. ಯಾರಾದರೂ ಹಾಕುತ್ತೇವೆ ಎಂದು ಬಂದರೆ ಅವರೂ ನಿಮಗೆ ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಕರಾರು ಓದಿಲ್ಲ. ಯಾಕೆ ಅಂತ ಹೇಳುತ್ತೇನೆ. ಆಮೇಲೆ ನಾನು ಯಾವುದಕ್ಕೆ ಸಹಿ ಹಾಕಬಲ್ಲೆ ಅದನ್ನೂ ಹೇಳುತ್ತೇನೆ.

ಕಾರ್ಯದರ್ಶಿಗಳು ಸಭೆಯಲ್ಲಿ ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರಿಸಲಿಲ್ಲ. ಲೆಕ್ಕದ ಸಾಫ್ಟ್‌ವೇರ್ ಯಾಕೆ ತಪ್ಪುವುದಿಲ್ಲ ಎಂದರೆ, ಅದಕ್ಕೆ ಗೊತ್ತಿರುವುದು ನಾವು ಕೊಟ್ಟ ಸೂತ್ರ ಒಂದೇ. ಅಸಲು, ದರ, ದಿನ ಕೊಟ್ಟರೆ ಗುಣಿಸಿ ಭಾಗಿಸುತ್ತದೆ. ಕೊಡದಿದ್ದರೆ ಸುಮ್ನೆ ನಿಲ್ಲುತ್ತದೆ. 'ಮಗಳ ಮದುವೆಗೆ ಸ್ವಲ್ಪ ದುಡ್ಡು ತೆಗೀಬೇಕಿತ್ತು, ಏನಾಗುತ್ತೆ' ಎಂದು ಬರೆದರೆ ಅದಕ್ಕೆ ಅರ್ಥವೇ ಆಗುವುದಿಲ್ಲ. ನಿಮಗೆ ಬಾಟ್ ಬೇಕಾಗಿದ್ದೇ ಈ ಮಾತು ಅರ್ಥವಾಗಲಿ ಅಂತ. ಆ ಗುಣದ ಜೊತೆಗೇ ತಪ್ಪುವ ಗುಣವೂ ಬರುತ್ತದೆ.

ಬಾಟ್‌ನ ಒಳಗಿರುವ ಭಾಷಾ ಮಾದರಿ ಉತ್ತರವನ್ನು ಎಲ್ಲಿಂದಲೂ ಎತ್ತಿಕೊಡುವುದಿಲ್ಲ. ಇಲ್ಲಿಯವರೆಗೆ ಬಂದ ಪದಗಳನ್ನು ನೋಡಿ, ಮುಂದೆ ಯಾವ ಪದದ ಚೂರು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ, ಅದನ್ನು ಬರೆದು, ಮತ್ತೆ ಮುಂದಿನದನ್ನು ಲೆಕ್ಕ ಹಾಕುತ್ತದೆ. ಅದರ ಕಣ್ಣಿಗೆ 'ಶೇ 9' ಮತ್ತು 'ಶೇ 7' ಎರಡೂ ಆ ಜಾಗದಲ್ಲಿ ಕೂರಬಲ್ಲ ಪದಗಳು. ಸುತ್ತೋಲೆ ಮುಂದಿದ್ದರೆ ಸರಿಯಾದದ್ದು ಕೂರುವ ಸಂಭವ ತುಂಬಾ ಜಾಸ್ತಿ. ಆದರೆ ಸಂಭವ ಎಷ್ಟೇ ಜಾಸ್ತಿಯಾದರೂ ಅದು ಖಾತ್ರಿಯಲ್ಲ.

ನಿಮ್ಮ ಕಚೇರಿಗೆ ಒಬ್ಬ ಹೊಸ ಹುಡುಗ ಬಂದಿದ್ದಾನೆ ಅಂದುಕೊಳ್ಳಿ. ಫೈಲುಗಳನ್ನೆಲ್ಲ ಓದಿದ್ದಾನೆ. ಮಾತು ಬಹಳ ಚೆಂದ. ಆದರೆ ಗೊತ್ತಿಲ್ಲ ಎನ್ನುವುದು ಅವನ ಬಾಯಲ್ಲಿ ಸುಲಭಕ್ಕೆ ಬರುವುದಿಲ್ಲ, ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಒಂದೇ ಧ್ವನಿಯಲ್ಲಿ ಹೇಳುತ್ತಾನೆ. ಅವನನ್ನು ಕೌಂಟರ್‌ನಲ್ಲಿ ಕೂರಿಸುವಾಗ ನೀವು 'ಒಂದೂ ತಪ್ಪು ಮಾಡಬಾರದು' ಎಂದು ಬರೆಸಿಕೊಳ್ಳುವುದಿಲ್ಲ. 'ದುಡ್ಡಿನ ಮಾತು ಬಂದರೆ ಲೆಡ್ಜರ್ ನೋಡದೆ ಹೇಳಬೇಡ' ಎನ್ನುತ್ತೀರಿ. ನಾನು ಮುಂದೆ ಕೇಳುವುದೂ ಅದನ್ನೇ.

ಒಬ್ಬ ನಿರ್ದೇಶಕರು 'ಅದರ ಸೆಟ್ಟಿಂಗ್ ಬದಲಾಯಿಸಿದರೆ ಸರಿಹೋಗುತ್ತಂತಲ್ಲ' ಎಂದಿದ್ದರು. ಟೆಂಪರೇಚರ್ ಎಂಬ ಒಂದು ಅಳತೆ ಇದೆ, ನಿಜ. ಅದನ್ನು ಸೊನ್ನೆಗೆ ಇಳಿಸಿದರೆ ಬಾಟ್ ಪ್ರತಿ ಸಲವೂ ಹೆಚ್ಚು ಕಡಿಮೆ ಅದೇ ಉತ್ತರ ಕೊಡುತ್ತದೆ. ಅದೇ ಉತ್ತರ ಎಂದರೆ ಸರಿ ಉತ್ತರ ಎಂದಲ್ಲ. ನಮ್ಮಲ್ಲಿ ಅದು ಮೊದಲ ದಿನದಿಂದಲೂ ಸೊನ್ನೆಯಲ್ಲೇ ಇದೆ. 21,000 ಎಂದಿದ್ದೂ ಸೊನ್ನೆಯಲ್ಲೇ.

ಇನ್ನು ನಿಮ್ಮ ಕಡೆಯ ಮಾತು. ತಪ್ಪಾದ 21 ಉತ್ತರಗಳಲ್ಲಿ 9ಕ್ಕೆ ಕಾರಣ ಬಾಟ್ ಅಲ್ಲ. ನೀವು ಕೊಟ್ಟ ಪೆಟ್ಟಿಗೆಯಲ್ಲಿ ಬಡ್ಡಿ ದರದ ಸುತ್ತೋಲೆಗಳು ನಾಲ್ಕು ಇವೆ. ಯಾವುದು ಈಗ ಜಾರಿಯಲ್ಲಿದೆ ಎಂದು ಯಾವುದರ ಮೇಲೂ ಬರೆದಿಲ್ಲ. ಒಂದರಲ್ಲಿ ದಿನಾಂಕವೇ ಇಲ್ಲ. ನಿಮ್ಮ ಸಿಬ್ಬಂದಿಗೆ ಅದು ತಲೆಯಲ್ಲಿದೆ, ಕಾಗದದಲ್ಲಿಲ್ಲ. ಕಾಗದದಲ್ಲಿ ಇಲ್ಲದ್ದನ್ನು ಬಾಟ್ ಓದಲಾರದು.

ಬೈಲಾ ಕಥೆ ಇನ್ನೂ ಬೇರೆ. ಅದನ್ನು ಟೈಪ್ ಮಾಡಿಸಿರುವುದು ಹಳೆಯ ನುಡಿ ಅಕ್ಷರದಲ್ಲಿ. ನಮ್ಮ ಕಣ್ಣಿಗೆ 'ಸಹಕಾರ' ಎಂದು ಕಾಣುವುದು ಫೈಲಿನ ಒಳಗೆ `¸ÀºÀPÁgÀ` ಎಂದಿದೆ. ಹುಡುಕಾಟಕ್ಕೆ ಸಿಕ್ಕಿದ್ದು ಈ ಕಸ. ಹಾಗಾಗಿ ಬೈಲಾದ ಒಂದು ಸಾಲೂ ಇಲ್ಲಿಯವರೆಗೆ ಯಾವ ಉತ್ತರಕ್ಕೂ ಒದಗಿಲ್ಲ. ಇದು ನನ್ನ ತಪ್ಪು. ಫೈಲು ತುಂಬಿಸುವ ದಿನವೇ ತೆರೆದು ನೋಡಬೇಕಿತ್ತು. ಈಗ ಯೂನಿಕೋಡ್‌ಗೆ ತಂದು ಸಾಲು ಸಾಲು ತಾಳೆ ನೋಡುತ್ತಿದ್ದೇನೆ.

ಕೆಲವು ಪ್ರಶ್ನೆಗಳಿಗೆ ಸರಿ ಉತ್ತರ ಎಂಬುದೇ ಇಲ್ಲ. 'ಬಡ್ಡಿ ಎಷ್ಟು' ಎಂದು ಕೇಳಿದರೆ ಕೊಡುವ ಬಡ್ಡಿಯೋ ತೆಗೆದುಕೊಳ್ಳುವ ಬಡ್ಡಿಯೋ? ಕೌಂಟರ್‌ನಲ್ಲಿರುವವರು ಎದುರು ನಿಂತವರ ಕೈಯಲ್ಲಿ ಪಾಸ್‌ಬುಕ್ ಇದೆಯೋ ಒಡವೆ ಡಬ್ಬಿ ಇದೆಯೋ ನೋಡಿ ತಿಳಿದುಕೊಳ್ಳುತ್ತಾರೆ. ಬಾಟ್‌ಗೆ ಕಾಣುವುದು ಎರಡು ಪದ.

ಪತ್ರವನ್ನು ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಬೈಲಾ ವಿಷಯ ನಾನು ಹೇಗೆ ಪತ್ತೆ ಮಾಡಿದೆ ಎಂಬುದು ಈ ಕೆಲಸ ಮಾಡುವವರಿಗೆ ಉಪಯೋಗವಾದೀತು. ಪ್ರತಿ ಉತ್ತರಕ್ಕೂ ಯಾವ ಕಾಗದದ ಯಾವ ತುಂಡು ಬಂತು ಎಂದು ಲಾಗ್‌ನಲ್ಲಿ ಬರೆಸುತ್ತಿದ್ದೆ. 300 ಪ್ರಶ್ನೆ ಓಡಿಸಿದ ಮೇಲೆ ಯಾವ ಕಾಗದ ಎಷ್ಟು ಸಲ ಬಂತು ಎಂದು ಎಣಿಸಿದೆ. ಬೈಲಾ ಸೊನ್ನೆ. ಜಾಮೀನು, ಷೇರು, ಮತದಾನ ಎಲ್ಲ ಅದರಲ್ಲೇ ಇರುವಾಗ ಸೊನ್ನೆ ಹೇಗೆ? ಎಣಿಕೆಯಲ್ಲಿ ಸೊನ್ನೆ ಬಂದ ಕಾಗದವನ್ನು ಮೊದಲು ಅನುಮಾನಿಸಬೇಕು. ತಪ್ಪು ಉತ್ತರಗಳನ್ನು ಮಾತ್ರ ನೋಡುತ್ತಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಬೈಲಾ ಪ್ರಶ್ನೆಗಳಿಗೆ ಬಾಟ್ ಹೆಚ್ಚಾಗಿ 'ಗೊತ್ತಿಲ್ಲ' ಎನ್ನುತ್ತಿತ್ತು, ಅದು ತಪ್ಪಿನ ಲೆಕ್ಕಕ್ಕೆ ಬರುವುದಿಲ್ಲವಲ್ಲ.

ಪತ್ರ ಮುಂದುವರಿಯುತ್ತದೆ.

'ಇದನ್ನೆಲ್ಲ ಸರಿಮಾಡಿ, ಪರೀಕ್ಷೆ ಮಾಡಿ, ಒಂದೂ ತಪ್ಪಿಲ್ಲ ಎಂದಮೇಲೆ ಕೊಡಿ' ಎಂದು ನೀವು ಹೇಳಬಹುದು. ಒಂದೂ ತಪ್ಪಿಲ್ಲ ಎಂದು ಪರೀಕ್ಷೆಯಿಂದ ತೋರಿಸಲು ಆಗುವುದಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಒಂದು ಸುಲಭದ ಲೆಕ್ಕ ಇದೆ. n ಪ್ರಶ್ನೆ ಕೇಳಿ ಒಂದೂ ತಪ್ಪು ಬರದಿದ್ದರೆ, ನಿಜವಾದ ತಪ್ಪಿನ ಪ್ರಮಾಣ 3/n ವರೆಗೂ ಇರಬಹುದು ಎಂದೇ ಹಿಡಿಯಬೇಕು. ಶೇ 95ರ ಭರವಸೆಯಲ್ಲಿ ಹೇಳುವ ಮಾತಿದು. 300 ಪ್ರಶ್ನೆಯಲ್ಲಿ ಸೊನ್ನೆ ತಪ್ಪು ಬಂದರೂ, ಮುಂದೆ ನೂರಕ್ಕೆ ಒಂದು ತಪ್ಪು ಬರುವ ಸಾಧ್ಯತೆ ಉಳಿದೇ ಇರುತ್ತದೆ. ತಿಂಗಳಿಗೆ ಸಾವಿರ ಪ್ರಶ್ನೆ ಬಂದರೆ ಹತ್ತು ತಪ್ಪು. ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎನ್ನಬೇಕಾದರೆ 3,000 ಪ್ರಶ್ನೆ ಕೇಳಿ ಒಂದೂ ತಪ್ಪಿರಬಾರದು. ಅಷ್ಟು ಪ್ರಶ್ನೆಗೆ ಸರಿ ಉತ್ತರ ಬರೆದುಕೊಡುವಷ್ಟರಲ್ಲಿ ನಿಮ್ಮ ದರಗಳೇ ಬದಲಾಗಿರುತ್ತವೆ.

ತಪ್ಪನ್ನು ಕಡಿಮೆ ಮಾಡಲು ಒಂದು ದಾರಿ ನನ್ನ ಕೈಯಲ್ಲಿದೆ. ಹುಡುಕಿ ತಂದ ತುಂಡು ಪ್ರಶ್ನೆಗೆ ಎಷ್ಟು ಹತ್ತಿರ ಎಂಬುದಕ್ಕೆ ಒಂದು ಅಂಕ ಸಿಗುತ್ತದೆ. ಅಂಕ ಇಷ್ಟಕ್ಕಿಂತ ಕಡಿಮೆಯಿದ್ದರೆ ಉತ್ತರಿಸಬೇಡ, ಕಚೇರಿಗೆ ದಾಟಿಸು ಎಂದು ಗೆರೆ ಎಳೆಯಬಹುದು. ಹಳೇ ಸುತ್ತೋಲೆ ತೆಗೆದುಹಾಕಿ, ಗೆರೆ ಮೇಲಕ್ಕೆ ಏರಿಸಿ, ಅದೇ 300 ಪ್ರಶ್ನೆ ಮತ್ತೆ ಓಡಿಸಿದೆ. ತಪ್ಪು 21ರಿಂದ 4ಕ್ಕೆ ಇಳಿಯಿತು. 'ಗೊತ್ತಿಲ್ಲ' 33ರಿಂದ 55ಕ್ಕೆ ಏರಿತು. ಸರಿ ಉತ್ತರ 246ರಿಂದ 241ಕ್ಕೆ ಬಂತು. ಇದು ತಕ್ಕಡಿ. ಗೆರೆ ಇನ್ನೂ ಏರಿಸಿದರೆ ತಪ್ಪು ಇನ್ನೂ ಇಳಿಯುತ್ತದೆ, ಆದರೆ ಫೋನ್ ಮತ್ತೆ ಬಡಿದುಕೊಳ್ಳುತ್ತದೆ. ಪ್ರತಿ ಪ್ರಶ್ನೆಗೂ 'ಕಚೇರಿಗೆ ಕರೆ ಮಾಡಿ' ಎನ್ನುವ ಬಾಟ್ ಒಂದೂ ತಪ್ಪು ಹೇಳುವುದಿಲ್ಲ. ಶೇ 100 ನಿಖರತೆ ಬೇಕೇ ಬೇಕು ಎಂದರೆ ನಾನು ಕೊಡಬಲ್ಲ ಬಾಟ್ ಅದೊಂದೇ.

ಆ ಕೊನೆಯ ಸಾಲು ತೆಗೆಯೋಣವೇ ಎಂದು ತುಂಬಾ ಯೋಚಿಸಿದ್ದೆ. ಗಿರಾಕಿಗೆ ಕುಹಕದ ಹಾಗೆ ಕೇಳಿಸೀತು ಎಂಬ ಭಯ. ಆಮೇಲೆ ಗೊತ್ತಾಯಿತು, ಮಂಡಳಿಯಲ್ಲಿ ಜೋರಾಗಿ ಓದಿದ್ದು ಅದೊಂದೇ ಸಾಲಂತೆ.

ಆಮೇಲೆ ನಾನು ಮುಂದಿಟ್ಟ ಮಿತಿಗಳು. ಪತ್ರದಲ್ಲಿ ಸ್ವಲ್ಪ ಉದ್ದವಾಗಿಯೇ ಇದ್ದವು, ಇಲ್ಲಿ ನನ್ನ ಮಾತಿನಲ್ಲಿ ಹೇಳುತ್ತೇನೆ.

ಮೊದಲನೆಯದು ಎಲ್ಲಕ್ಕಿಂತ ಮುಖ್ಯ. ರೂಪಾಯಿ ಮೊತ್ತ, ಬಡ್ಡಿ ದರ, ಗ್ರಾಂ ಬೆಲೆ, ಇವನ್ನು ಭಾಷಾ ಮಾದರಿ ಬರೆಯುವಂತಿಲ್ಲ. ಸಂಘದವರು ತುಂಬುವ ಒಂದು ಪಟ್ಟಿ ಇರುತ್ತದೆ. ಮಾದರಿಯ ಕೆಲಸ ಸದಸ್ಯರು ಏನು ಕೇಳುತ್ತಿದ್ದಾರೆ ಎಂದು ತಿಳಿಯುವುದು, ಬಿಟ್ಟುಹೋದದ್ದನ್ನು ಕೇಳಿ ತಿಳಿದುಕೊಳ್ಳುವುದು. ಲೆಕ್ಕ ಮಾಡುವುದು ಮಾಮೂಲಿ ಕೋಡ್, ಕಾರ್ಯದರ್ಶಿಗಳು ನಂಬುವ ಆ ಹಳೇ ಥರದ್ದು. ಅದರ ತಿರುಳು ಇಷ್ಟೇ:

```
if topic in MONEY_TOPICS:
    reply = from_table(topic, amount, months)
elif best_score < LIMIT:
    reply = HANDOVER
else:
    reply = answer_with_source(question)
```

ಹೀಗೆ ಮಾಡಿದರೂ ತಪ್ಪು ಸೊನ್ನೆಯಾಗುವುದಿಲ್ಲ ಎಂಬುದನ್ನು ಬಚ್ಚಿಡಲಿಲ್ಲ. ಮಾದರಿ ಪ್ರಶ್ನೆಯನ್ನೇ ತಪ್ಪಾಗಿ ತಿಳಿದರೆ, ಕೋಡ್ ಸರಿಯಾದ ಲೆಕ್ಕವನ್ನು ತಪ್ಪು ಪ್ರಶ್ನೆಗೆ ಮಾಡುತ್ತದೆ. ಆದರೆ ಆಗ ತಪ್ಪು ಕಣ್ಣಿಗೆ ಕಾಣುತ್ತದೆ. ಉತ್ತರದಲ್ಲೇ 'ನೀವು ಕೇಳಿದ್ದು: 2 ವರ್ಷದ ಠೇವಣಿ, 14 ತಿಂಗಳಿಗೆ ಮುರಿದರೆ' ಎಂದು ಮೊದಲು ಬರುತ್ತದೆ. ಸದಸ್ಯರೇ 'ಅಲ್ಲ' ಎನ್ನಬಹುದು.

ಎರಡನೆಯದು, ಬಾಟ್ ಯಾವ ವಿಷಯ ಮಾತಾಡಬೇಕು ಎಂಬ ಬೇಲಿ. 'ನನಗೆ ಸಾಲ ಸಿಗುತ್ತಾ' ಎಂಬ ಪ್ರಶ್ನೆಯನ್ನು ನಾನು ಬೇಲಿಯ ಆಚೆ ಇಟ್ಟೆ. ಬೇಕಾದ ಕಾಗದ ಪತ್ರ ಹೇಳಬಹುದು, ಸಿಗುತ್ತೆ ಅಥವಾ ಸಿಗಲ್ಲ ಎಂದು ಹೇಳುವಂತಿಲ್ಲ. ಅದು ಸಾಲ ಉಪಸಮಿತಿಯ ತೀರ್ಮಾನ. ಪ್ರತಿ ಉತ್ತರದ ಕೆಳಗೆ ಸುತ್ತೋಲೆಯ ಸಂಖ್ಯೆ, ದಿನಾಂಕ ಇರಬೇಕು ಎಂದೂ ಸೇರಿಸಿದೆ.

ಮೂರನೆಯದು ಅಳತೆ. ತಿಂಗಳಿಗೆ 100 ಮಾತುಕತೆಯನ್ನು ಯಾವ ಆಯ್ಕೆಯೂ ಇಲ್ಲದೆ ಚೀಟಿ ಎತ್ತಿದ ಹಾಗೆ ತೆಗೆದು, ಕೌಂಟರ್‌ನ ಒಬ್ಬರು ಮತ್ತು ನಾನು ಕೂತು ಓದುವುದು. ತಪ್ಪು 3ಕ್ಕಿಂತ ಹೆಚ್ಚಾದರೆ ನನ್ನ ಖರ್ಚಿನಲ್ಲಿ ರಿಪೇರಿ. ಎರಡು ತಿಂಗಳು ಸತತವಾಗಿ 5 ದಾಟಿದರೆ ಮಾದರಿಯನ್ನು ನಿಲ್ಲಿಸಿ, 1 ಒತ್ತಿ 2 ಒತ್ತಿ ಎನ್ನುವ ಮೆನುಗೆ ಇಳಿಸುವುದು.

ಕೊನೆಗೆ ಹೊಣೆ. ಪಟ್ಟಿಯಲ್ಲಿ ತಪ್ಪು ತುಂಬಿದರೆ ಸಂಘದ್ದು, ಪಟ್ಟಿ ಸರಿಯಿದ್ದು ಬಾಟ್ ತಪ್ಪಿದರೆ ಒಂದು ಮಿತಿಯವರೆಗೆ ನನ್ನದು. ಆ ಮಿತಿಯನ್ನು ಆರು ತಿಂಗಳ ನಿರ್ವಹಣಾ ಶುಲ್ಕ ಎಂದು ಬರೆದೆ. ಇಲ್ಲಿ ಏರ್ ಕೆನಡಾ ಪ್ರಕರಣವನ್ನೂ ಹೇಳಿದ್ದೆ. 2022ರಲ್ಲಿ ಅಜ್ಜಿ ತೀರಿಕೊಂಡ ಒಬ್ಬ ಪ್ರಯಾಣಿಕರಿಗೆ ಆ ವಿಮಾನ ಸಂಸ್ಥೆಯ ಚಾಟ್‌ಬಾಟ್, ಟಿಕೆಟ್ ತೆಗೆದ ಮೇಲೂ 90 ದಿನದೊಳಗೆ ಸಾವಿನ ರಿಯಾಯಿತಿ ಕೇಳಬಹುದು ಎಂದು ಹೇಳಿತ್ತು. ನಿಯಮ ಹಾಗಿರಲಿಲ್ಲ. ಸಂಸ್ಥೆ ದುಡ್ಡು ಕೊಡಲು ಒಪ್ಪದೆ, ಚಾಟ್‌ಬಾಟ್ ಮಾತಿಗೆ ತಾನು ಹೊಣೆಯಲ್ಲ ಎಂದು ವಾದಿಸಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಆ ವಾದ ತಳ್ಳಿಹಾಕಿ, ಸುಮಾರು 812 ಕೆನಡಾ ಡಾಲರ್ ಕೊಡಿಸಿತು. ಅದು ಅಲ್ಲಿನ ತೀರ್ಪು, ಇಲ್ಲಿಗೆ ಅನ್ವಯಿಸುವುದಿಲ್ಲ. ನಾನು ಹೇಳಬೇಕಾಗಿದ್ದು ಬೇರೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ತಪ್ಪಿದ್ದರೆ ಸಂಘ ಹೊಣೆಯಲ್ಲ' ಎಂದು ಹಾಕಿಬಿಡೋಣ ಎಂದು ಒಬ್ಬರು ಸಲಹೆ ಕೊಟ್ಟಿದ್ದರು. ಸಂಘದ ಹೆಸರಿನ ನಂಬರಿನಿಂದ ಬಂದ ಮಾತನ್ನು ಸದಸ್ಯರು ಸಂಘದ ಮಾತೆಂದೇ ತೆಗೆದುಕೊಳ್ಳುತ್ತಾರೆ. ಆ ಭಾವಮೈದ ತೆಗೆದುಕೊಂಡರಲ್ಲ.

ಪತ್ರ ಕಳಿಸಿದ ಹತ್ತು ದಿನಕ್ಕೆ ಮತ್ತೆ ಸಭೆ. ಹೊಣೆಯ ಬಗ್ಗೆ ಜಗಳವಾಗುತ್ತದೆ ಎಂದುಕೊಂಡು ಹೋಗಿದ್ದೆ. ಪೆಟ್ಟು ಬಿದ್ದಿದ್ದು ಬೇರೆ ಕಡೆಯಿಂದ. ನಿರ್ದೇಶಕರಲ್ಲಿ ಒಬ್ಬರು ನಿವೃತ್ತ ಗಣಿತ ಮೇಷ್ಟ್ರು. ಪತ್ರದ ಮೇಲೆ ಪೆನ್ಸಿಲ್ ಗುರುತು ಮಾಡಿಕೊಂಡು ಬಂದಿದ್ದರು.

"ಸಾರ್, ತಪ್ಪು 21ರಿಂದ 4ಕ್ಕೆ ಇಳೀತು ಅಂತ ಬರೆದಿದ್ದೀರಿ. ಅದೇ 300 ಪ್ರಶ್ನೆ ಅಲ್ವಾ?"

"ಹೌದು ಮೇಷ್ಟ್ರೇ."

"ಅದೇ ಪ್ರಶ್ನೆಪತ್ರಿಕೆ ನೋಡಿಕೊಂಡು ಪಾಠ ಮಾಡಿ, ಅದೇ ಪತ್ರಿಕೆಗೆ ಪರೀಕ್ಷೆ ಬರೆಸಿದರೆ ನಮ್ಮ ಶಾಲೆಯ ಕೊನೇ ಬೆಂಚಿನವನೂ ಪಾಸಾಗ್ತಾನೆ."

ನನ್ನ ಬಳಿ ಉತ್ತರ ಇರಲಿಲ್ಲ. ಗೆರೆ ಎಲ್ಲಿ ಎಳೆಯಬೇಕು ಎಂದು ತೀರ್ಮಾನಿಸಿದ್ದೇ ಆ 300 ಪ್ರಶ್ನೆ ನೋಡಿ. ಅದೇ ಪ್ರಶ್ನೆಗಳಲ್ಲಿ ಅಳೆದರೆ ಅಂಕಿ ಚೆನ್ನಾಗಿಯೇ ಬರುತ್ತದೆ. ಈ ಕೆಲಸದಲ್ಲಿ ಮೊದಲ ಪಾಠವೇ ಇದು, ನಾನು ಅವಸರದಲ್ಲಿ ಬಿಟ್ಟಿದ್ದೆ. ಹೊಸ ಪ್ರಶ್ನೆಗಳಲ್ಲಿ ಮತ್ತೆ ಅಳೆದು ಬರುತ್ತೇನೆ ಎಂದು ಒಪ್ಪಿಕೊಂಡೆ.

ಈ ಸಲ ಮೇಷ್ಟ್ರೇ ಮುಂದೆ ನಿಂತು, ಎರಡೂ ಶಾಖೆಯಿಂದ 150 ಪ್ರಶ್ನೆ ಬರೆಸಿ ಮುಚ್ಚಿದ ಲಕೋಟೆಯಲ್ಲಿ ಕೊಟ್ಟರು. ಅವರ ಎದುರೇ ಓಡಿಸಿದೆ. 150ಕ್ಕೆ 4 ತಪ್ಪು. ಹಳೇ ಲೆಕ್ಕದಲ್ಲಿ ನೂರಕ್ಕೆ ಒಂದೂ ಚಿಲ್ಲರೆ ಇದ್ದದ್ದು ಎರಡೂ ಮುಕ್ಕಾಲರ ಹತ್ತಿರ ಬಂತು, ಸರಿಸುಮಾರು ದುಪ್ಪಟ್ಟು. ವಿಚಿತ್ರವೆಂದರೆ ಇದರಿಂದ ನನ್ನ ಕೆಲಸ ಸುಲಭವಾಯಿತು. ನೂರಕ್ಕೆ 3 ಎಂಬ ಮಿತಿ ನಾನು ಸುಮ್ನೆ ಇಟ್ಟಿದ್ದಲ್ಲ ಎಂದು ಮಂಡಳಿಗೆ ಕಣ್ಣಾರೆ ಕಂಡಿತು. ಆ ನಾಲ್ಕರಲ್ಲಿ ಒಂದೂ ದುಡ್ಡಿನ ಮೊತ್ತ ಅಲ್ಲ ಎಂಬುದೂ ಕಂಡಿತು. ಪಟ್ಟಿಯ ವ್ಯವಸ್ಥೆ ಅಷ್ಟರಲ್ಲಿ ಜೋಡಿಸಿದ್ದೆ.

ಕರಾರಿನ ಆ ಅಂಶ ಹೋಯಿತು. ಅದರ ಜಾಗಕ್ಕೆ ಮಿತಿಗಳು ಬಂದವು, ಸ್ವಲ್ಪ ಚೌಕಾಸಿಯ ನಂತರ. ಹೊಣೆಯ ಮಿತಿ ಆರು ತಿಂಗಳ ಶುಲ್ಕದಿಂದ ಒಂದು ವರ್ಷದ ಶುಲ್ಕಕ್ಕೆ ಏರಿತು. ದುಡ್ಡಿನ ಮೊತ್ತದಲ್ಲಿ ಆಗುವ ತಪ್ಪನ್ನು ನೂರಕ್ಕೆ 3ರ ಲೆಕ್ಕದಲ್ಲಿ ಸೇರಿಸಬಾರದು, ಒಂದೇ ಒಂದು ಬಂದರೂ 24 ಗಂಟೆಯೊಳಗೆ ಕಾರಣ ಬರೆದು ಕೊಡಬೇಕು ಎಂದು ಕಾರ್ಯದರ್ಶಿ ಸೇರಿಸಿದರು. ನನ್ನ ಪತ್ರದಲ್ಲಿ ಇರಬೇಕಾಗಿದ್ದ ಅಂಶ ಅದು. ಶನಿವಾರದ ಸಮಯ ತಪ್ಪು ಹೇಳುವುದೂ ಬಡ್ಡಿ ತಪ್ಪು ಹೇಳುವುದೂ ಒಂದೇ ತೂಕದ ತಪ್ಪುಗಳಲ್ಲ, ನಾನು ಎರಡನ್ನೂ ಒಂದೇ ಪೆಟ್ಟಿಗೆಗೆ ಹಾಕಿ ಎಣಿಸಿದ್ದೆ. ಭಾವಮೈದನಿಗೆ ಕೊಡಬೇಕಾದ 4,667 ರೂಪಾಯಿಯನ್ನು ಸಂಘ ಮತ್ತು ನಾನು ಅರ್ಧರ್ಧ ಹಾಕಿಕೊಂಡು ಕೊಟ್ಟೆವು.

ಮೊದಲ ತಿಂಗಳ ಓದು ಮುಗಿದಿದೆ. 100ರಲ್ಲಿ 2 ತಪ್ಪು. ಒಂದು, ಜಾತ್ರೆಯ ದಿನ ರಜೆ ಇದ್ದದ್ದನ್ನು ಹೇಳಲಿಲ್ಲ. ರಜೆ ತೀರ್ಮಾನವಾದದ್ದೇ ಹಿಂದಿನ ಸಂಜೆ, ಯಾರೂ ಪಟ್ಟಿಯಲ್ಲಿ ಹಾಕಿರಲಿಲ್ಲ. ಇನ್ನೊಂದರ ಬಗ್ಗೆ ಅರ್ಧ ಗಂಟೆ ವಾದವಾಯಿತು. ವಯಸ್ಸಾದ ಹೆಂಗಸೊಬ್ಬರು ಮೊಮ್ಮಗನ ಕೈಯಲ್ಲಿ ಬರೆಸಿದ್ದರು, ಮೂರು ತೊಲದ ಸರಕ್ಕೆ ಎಷ್ಟು ಸಾಲ ಸಿಗುತ್ತದೆ ಎಂದು. ಬಾಟ್ ತೊಲಕ್ಕೆ ಹತ್ತು ಗ್ರಾಂ ಎಂದು ಹಿಡಿದು 30 ಗ್ರಾಂಗೆ ಲೆಕ್ಕ ಹೇಳಿತು. ಅವರ ಸರ ಹಳೇ ತೊಲದ್ದು, 11.66 ಗ್ರಾಂನದ್ದು. ಕೌಂಟರ್‌ನಲ್ಲಿ ತೂಗಿದಾಗ 35 ಗ್ರಾಂ ಹತ್ತಿರ ಬಂತು.

"ಇದು ತಪ್ಪಾ ಸಾರ್? ನಾನಾಗಿದ್ದರೂ ಹತ್ತೇ ಅಂದುಕೊಳ್ತಿದ್ದೆ. ಅಂಗಡಿಯವರೂ ಈಗ ಹತ್ತೇ ಅನ್ನೋದು" ಅಂದರು ಕೌಂಟರ್‌ನವರು.

"ದುಡ್ಡಿನ ಮೊತ್ತ ತಪ್ಪಾಗಿದೆ. ತಪ್ಪು ಅಂತಲೇ ಬರೀರಿ" ಅಂದರು ಕಾರ್ಯದರ್ಶಿ.

ಬರೆದೆವು. 24 ಗಂಟೆಯೊಳಗೆ ಕಾರಣವನ್ನೂ ಬರೆದು ಕೊಟ್ಟೆ. ಈಗ ಯಾರಾದರೂ ತೊಲ ಎಂದರೆ ಬಾಟ್ ಲೆಕ್ಕ ಹೇಳುವುದಿಲ್ಲ. 'ಗ್ರಾಂನಲ್ಲಿ ಎಷ್ಟಿದೆ? ಗೊತ್ತಿಲ್ಲದಿದ್ದರೆ ಒಡವೆ ತನ್ನಿ, ಇಲ್ಲೇ ತೂಗಿ ಹೇಳುತ್ತೇವೆ' ಎನ್ನುತ್ತದೆ.